ಸೈಬರ್ ಹುಡುಗರಿಗೆ ಬಯಾಸ್ ಪಾಸ್‌ವರ್ಡ್ ನೋಟಿಸ್ ಬರ್ದಿದೀನಿ, ಏನಾದ್ರೂ ಬಿಟ್ಟೋಗಿದ್ಯಾ ನೋಡಿ

ತಿಪಟೂರು ಸೈಬರ್

ನಮಸ್ಕಾರ ಎಲ್ರಿಗೂ. ನಮ್ದು ಸಣ್ಣ ಸೈಬರ್ ಸೆಂಟರ್, ಗಿರಾಕಿಗಳಿಗೆ 9 ಸಿಸ್ಟಮ್ ಇದೆ, ಕೌಂಟರಲ್ಲಿ ಒಂದು. ನಾಲ್ಕು ಹಳೇ ಆಫೀಸ್ ಡೆಲ್, ಉಳಿದ ಐದು ಅಸೆಂಬಲ್ ಮಾಡ್ಸಿದ್ದು. ಕೆಲಸಕ್ಕೆ ಮೂರು ಜನ ಇದಾರೆ, ಇಬ್ರು ಹುಡುಗ್ರು, ಒಬ್ಳು ಡಿಗ್ರಿ ಓದ್ತಿರೋ ಹುಡುಗಿ ಸಂಜೆ ಬರ್ತಾಳೆ.

ಹೋದ ತಿಂಗಳು ಒಂದಿನ ಸಂಜೆ ಕೌಂಟರ್ ಟೈಮರಲ್ಲಿ 7ನೇ ಸಿಸ್ಟಮ್ ಆಫ್‌ಲೈನ್ ಅಂತ ತೋರಿಸ್ತಿತ್ತು, ಆದ್ರೆ ಅಲ್ಲಿ ಒಬ್ಬ ಕೂತ್ಕೊಂಡು ಆರಾಮಾಗಿ ಕೆಲಸ ಮಾಡ್ತಿದ್ದ, ನಮ್ಮ ಹುಡುಗ ಲ್ಯಾನ್ ಕೇಬಲ್ ಲೂಸ್ ಇರ್ಬೇಕು ಅನ್ಕೊಂಡು ಸುಮ್ನಾದ. ರಾತ್ರಿ ನಾನು ಆ ಸಿಸ್ಟಮಲ್ಲಿ ಈವೆಂಟ್ ವ್ಯೂವರ್ ತೆಗ್ದು ನೋಡಿದ್ರೆ 5:10ಕ್ಕೆ ವಿಂಡೋಸ್ ಶಟ್‌ಡೌನ್ ಆಗಿದೆ, ಮತ್ತೆ ಶುರುವಾಗಿದ್ದು 6:02ಕ್ಕೆ. ನಡುವೆ 52 ನಿಮಿಷ ವಿಂಡೋಸೇ ಓಡಿಲ್ಲ, ಆದ್ರೆ ಸ್ಕ್ರೀನ್ ಉರೀತಿತ್ತು. ಅಂದ್ರೆ ಅವ್ನು ತನ್ನ ಪೆನ್‌ಡ್ರೈವಿಂದ ಬೇರೆ ಓಎಸ್ ಬೂಟ್ ಮಾಡ್ಕೊಂಡಿದ್ದ. ಬಿಲ್ ತಪ್ಸೋಕೆ ಮಾಡಿದ್ನೋ ಬೇರೆ ಏನಕ್ಕೋ ಗೊತ್ತಿಲ್ಲ, ಆದ್ರೆ ಡೌನ್‌ಲೋಡ್ಸ್ ಫೋಲ್ಡರಲ್ಲಿ ಅವತ್ತು ಬಂದವರ ಆಧಾರ್ ಪಿಡಿಎಫ್, ಮಾರ್ಕ್ಸ್ ಕಾರ್ಡ್, ಒಬ್ಬಮ್ಮನ ಬ್ಯಾಂಕ್ ಪಾಸ್‌ಬುಕ್ ಫೋಟೋ ಎಲ್ಲಾ ಹಂಗೇ ಇತ್ತು. ಹೊರಗಿಂದ ಬೂಟ್ ಮಾಡಿದ್ರೆ ವಿಂಡೋಸ್ ಪಾಸ್‌ವರ್ಡ್ ಇದ್ರೂ ಇಲ್ದಿದ್ರೂ ಒಂದೇ, ಡಿಸ್ಕ್ ಪೂರ್ತಿ ತೆರ್ಕೊಳುತ್ತೆ. ನಂಬಿಕೆ ಇಟ್ಟು ಕಾಗದ ಕೊಡೋ ಜನ ಅವ್ರು, ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಅದಕ್ಕೆ ಈ ವಾರ ಎಲ್ಲಾ ಸಿಸ್ಟಮ್‌ಗೂ ಬಯಾಸ್ ಪಾಸ್‌ವರ್ಡ್ ಹಾಕಿ ಬೂಟ್ ಆರ್ಡರ್ ಲಾಕ್ ಮಾಡಿದೀನಿ. ಹುಡುಗ್ರಿಗೆ ಕೊಡೋ ನೋಟಿಸ್ ಇದು, ಓದಿ ಹೇಳಿ:

> ಸೋಮವಾರದಿಂದ ಗಿರಾಕಿ ಸಿಸ್ಟಮ್ ಒಂಬತ್ತಕ್ಕೂ ಬಯಾಸ್ ಪಾಸ್‌ವರ್ಡ್ ಇರುತ್ತೆ. ದಿನಾ ಆನ್ ಮಾಡುವಾಗ ಅದು ಕೇಳಲ್ಲ, ಸೆಟಿಂಗ್ ಒಳಗೆ ಹೋಗೋಕೆ ಮಾತ್ರ ಕೇಳುತ್ತೆ. ಯಾವ್ದಾದ್ರೂ ಸಿಸ್ಟಮ್ ಆನ್ ಆಗ್ತಿದ್ದಂಗೇ ಪಾಸ್‌ವರ್ಡ್ ಕೇಳಿದ್ರೆ ಏನೋ ತಪ್ಪಾಗಿದೆ ಅಂತ, ಅಂದಾಜಲ್ಲಿ ಹೊಡೀಬೇಡಿ, ನಂಗೆ ಫೋನ್ ಮಾಡಿ.
>
> ಸಿಸ್ಟಮ್ ಇನ್ಮೇಲೆ ಒಳಗಿರೋ ಎಸ್‌ಎಸ್‌ಡಿಯಿಂದ ಮಾತ್ರ ಬೂಟ್ ಆಗುತ್ತೆ. ಪೆನ್‌ಡ್ರೈವ್, ನೆಟ್‌ವರ್ಕ್ ಎರಡ್ರಿಂದ್ಲೂ ಆಗಲ್ಲ. ಗಿರಾಕಿ ಪ್ರಿಂಟಿಗೆ ತರೋ ಪೆನ್‌ಡ್ರೈವ್ ವಿಂಡೋಸಲ್ಲಿ ಯಾವಾಗ್ಲೂ ಥರಾನೇ ಓಪನ್ ಆಗುತ್ತೆ, ಅದಕ್ಕೇನೂ ತೊಂದ್ರೆ ಇಲ್ಲ. ಬೆಳಗ್ಗೆ ಯಾರೋ ಮರೆತುಹೋದ ಪೆನ್‌ಡ್ರೈವ್ ಚುಚ್ಚಿದ್ದಂಗೇ ಇದ್ದು ಸಿಸ್ಟಮ್ ಕಪ್ಪು ಸ್ಕ್ರೀನಲ್ಲಿ ನಿಲ್ಲೋದೂ ಇದ್ರಿಂದ ತಪ್ಪುತ್ತೆ.
>
> ಬೆಳಗ್ಗೆ ಆನ್ ಮಾಡ್ದಾಗ ತಾರೀಕು ಯಾವ್ದೋ ಹಳೇ ವರ್ಷದ್ದು ತೋರ್ಸಿದ್ರೆ, ಇಲ್ಲಾ F1 ಒತ್ತಿ ಅಂತ ಮೆಸೇಜ್ ಬಂದ್ರೆ, ಒತ್ತಿ ಮುಂದೆ ಹೋಗ್ಬೇಡಿ. ಆ ಸಿಸ್ಟಮ್ ಗಿರಾಕಿಗೆ ಕೊಡ್ಬೇಡಿ, ರಿಜಿಸ್ಟರಲ್ಲಿ ಸಿಸ್ಟಮ್ ನಂಬರ್, ಟೈಮ್ ಬರ್ದು ನಂಗೆ ಹೇಳಿ.
>
> ಟೈಮರಲ್ಲಿ ಆಫ್‌ಲೈನ್ ಇದ್ದು ಸ್ಕ್ರೀನ್ ಉರೀತಿದ್ರೆ ತಕ್ಷಣ ಎದ್ದು ಹೋಗಿ ನೋಡಿ.
>
> ಗಿರಾಕಿ ಎದ್ದ ಮೇಲೆ ಡೌನ್‌ಲೋಡ್ಸ್, ಡೆಸ್ಕ್‌ಟಾಪ್, ರೀಸೈಕಲ್ ಬಿನ್ ಮೂರೂ ಖಾಲಿ ಮಾಡೇ ಮುಂದಿನವ್ರನ್ನ ಕೂರ್ಸಿ.
>
> ಪಾಸ್‌ವರ್ಡ್ ನನ್ನ ಹತ್ರ ಮಾತ್ರ ಇರುತ್ತೆ. ರಿಪೇರಿಯವ್ರು ಬಂದ್ರೂ ನಾನೇ ಬಂದು ಹಾಕ್ತೀನಿ.

---

ಬೂಟ್_ಬಸ್ಯಾ

ಅಣ್ಣ ಇಷ್ಟೆಲ್ಲಾ ಯಾಕೆ, ಸೆಕ್ಯೂರ್ ಬೂಟ್ ಆನ್ ಮಾಡಿ ಬಿಟ್ರೆ ಮುಗೀತು, ಹೊರಗಿನ ಓಎಸ್ ಯಾವ್ದೂ ಬೂಟ್ ಆಗಲ್ಲ. ಮತ್ತೆ ಬಯಾಸ್ ಪಾಸ್‌ವರ್ಡ್ ನಂಬ್ಕೊಂಡು ಕೂರ್ಬೇಡಿ, ಮದರ್‌ಬೋರ್ಡಲ್ಲಿ ರೌಂಡ್ ಸೆಲ್ ಇರುತ್ತಲ್ಲ ಅದನ್ನ ಐದು ನಿಮಿಷ ತೆಗ್ದು ಹಾಕಿದ್ರೆ ಯಾವ ಸಿಸ್ಟಮ್ ಆದ್ರೂ ಪಾಸ್‌ವರ್ಡ್ ಹಾರೋಗುತ್ತೆ.

---

ಹುಬ್ಬಳ್ಳಿ ಲ್ಯಾಬ್

ಬಸ್ಯಾ ಅವರು ಹೇಳಿದ್ದು ಅರ್ಧ ಖರೆ ಐತ್ರಿ. ಸೆಕ್ಯೂರ್ ಬೂಟ್ ಆನ್ ಇದ್ರೂ ಉಬುಂಟು ಪೆನ್‌ಡ್ರೈವ್ ಆರಾಮ್ ಬೂಟ್ ಆಕ್ಕೈತಿ, ಯಾಕಂದ್ರ ಅದರ ಮೊದಲನೇ ಫೈಲಿಗೆ ಮೈಕ್ರೋಸಾಫ್ಟ್ ಸಹಿ ಇರ್ತೈತಿ. ಸಹಿ ಇಲ್ಲದ್ದನ್ನ ಅದು ತಡೀತದ, ಹೊರಗಿನ ಓಎಸ್ ಅಂತ ನೋಡಿ ತಡಿಯೂದಿಲ್ಲ. ಆನ್ ಇಡ್ರಿ, ಆದ್ರ ಅದೊಂದ ಸಾಕು ಅನ್ಕೋಬ್ಯಾಡ್ರಿ.

ಸೆಲ್ ವಿಚಾರ, ಅಸೆಂಬಲ್ ಬೋರ್ಡಿನ್ಯಾಗ ಬಹಳ ಕಡೆ ಹೌದು. ಆದ್ರ ಆಫೀಸಿಗೆ ಅಂತ ಮಾಡಿದ ಮಷೀನಿನ್ಯಾಗ ಪಾಸ್‌ವರ್ಡ್ ಬ್ಯಾರೆ ಚಿಪ್ಪಿನ್ಯಾಗ ಕುಂತಿರ್ತೈತಿ, ಸೆಲ್ ತಗದ್ರ ತಾರೀಕ್ ಅಷ್ಟ ಹೋಗ್ತೈತಿ, ಪಾಸ್‌ವರ್ಡ್ ಜಪ್ಪಯ್ಯ ಅನ್ನೂದಿಲ್ಲ. ಹಳೇ ಡೆಲ್ ಡೆಸ್ಕ್‌ಟಾಪ್ ಒಳಗ ಅದಕ್ಕಂತನ ಒಂದು ಜಂಪರ್ ಇರ್ತದ, ಬಾಜೂಕ PSWD ಅಂತ ಬರದಿರ್ತಾರ. ಹಂಗಾಗಿ ಅಸೆಂಬಲ್ ಐದಕ್ಕ ಡಬ್ಬಿ ಬಿಚ್ಚಲಾರದಂಗ ಮಾಡೂದ ಮುಖ್ಯ.

ಈಗ ನಿಮ್ಮ ನೋಟಿಸಿಗೆ ಬರ್ತೀನಿ. ಎರಡು ಕಡೆ ನನಗ ಅನುಮಾನ ಐತಿ. ಮೊದಲನೇದು, ಬೂಟ್ ಆರ್ಡರ್ ಲಾಕ್ ಮಾಡೀನಿ ಅಂದ್ರಿ, ಅಂದ್ರ ಎಸ್‌ಎಸ್‌ಡಿ ಮ್ಯಾಲ ತಂದು ಬಿಟ್ಟೀರೋ, ಇಲ್ಲಾ ಯುಎಸ್‌ಬಿ ಬೂಟನ್ನ ಪೂರ್ತಿ ಬಂದ್ ಮಾಡೀರೋ? ಇವೆರಡೂ ಬ್ಯಾರೆ ಬ್ಯಾರೆ. ಆರ್ಡರ್ ಅಂದ್ರ ಸಾಲಷ್ಟ, ಯಾರ ಮುಂದ ಯಾರ ಹಿಂದ ಅಂತ. ಸಾಲಿನ್ಯಾಗ ಹಿಂದ ನಿಂತಾವನ್ನ F12 ಒತ್ತಿ ಮುಂದ ಕರೀಬಹುದು. F12 ಬಂದ್ ಮಾಡಿದ್ರೂ ಇನ್ನೊಂದು ಬಾಗಿಲ ಐತಿ. ವಿಂಡೋಸ್ ಲಾಗಿನ್ ಸ್ಕ್ರೀನಿನ್ಯಾಗ ಶಿಫ್ಟ್ ಹಿಡಕೊಂಡು ರೀಸ್ಟಾರ್ಟ್ ಕೊಡ್ರಿ, ನೀಲಿ ಪರದೆ ಬರ್ತೈತಿ, ಅದರಾಗ Use a device ಅಂತ ಒಂದು ಆಯ್ಕೆ. ಅದನ್ನ ಒತ್ತಿದ್ರ ಮುಂದಿನ ಒಂದು ಸಲಕ್ಕ ಈ ಪೆನ್‌ಡ್ರೈವಿಂದ ಬೂಟ್ ಆಗು ಅಂತ ವಿಂಡೋಸ ಬೋರ್ಡಿಗೆ ಚೀಟಿ ಬರದಿಡ್ತದ. ಬೋರ್ಡಿನ್ಯಾಗ ಯುಎಸ್‌ಬಿ ಬೂಟ್ ಚಾಲೂ ಇದ್ರ ನಿಮ್ಮ ಸಾಲು ಕೇಳೂದಿಲ್ಲ, F12 ಪಾಸ್‌ವರ್ಡೂ ಅಡ್ಡ ಬರೂದಿಲ್ಲ. ನಮ್ಮ ಕಾಲೇಜ್ ಲ್ಯಾಬಿನ್ಯಾಗ ಹುಡುಗ್ರು ಹಿಂಗ ಮಾಡಿದ್ರು, ಎಲ್ಲಾ ಬಂದ್ ಮಾಡೀನಿ ಅಂತ ನಾ ಒಂದು ಸೆಮಿಸ್ಟರ್ ಪೂರ್ತಿ ನಂಬಿದ್ದೆ.

ನಿಮ್ಮ ಡೆಲ್ ನಾಲ್ಕರಾಗ ಸೆಟಪ್ ಒಳಗ Enable USB Boot Support ಅಂತ ಸಿಗ್ತದ, ಅದರ ಟಿಕ್ ತಗೀರಿ. ಅದರ ಹತ್ತಿರನ ಫ್ರಂಟ್ ಯುಎಸ್‌ಬಿ ಪೋರ್ಟ್ ಅಂತ ಇರ್ತದ, ಅದನ್ನ ಮಾತ್ರ ಮುಟ್ಟಬ್ಯಾಡ್ರಿ, ಮುಟ್ಟಿದ್ರ ಗಿರಾಕಿ ಪೆನ್‌ಡ್ರೈವ್ ವಿಂಡೋಸಿನ್ಯಾಗೂ ಕಾಣೂದಿಲ್ಲ. UEFI Boot Path Security ಅಂತ ಇನ್ನೊಂದು ಇದ್ರ ಅದನ್ನ Always, Except Internal HDD ಗೆ ಇಡ್ರಿ, F12 ಇಂದ ಎಸ್‌ಎಸ್‌ಡಿ ಬಿಟ್ಟು ಬ್ಯಾರೆ ಏನ ಆರಿಸಿದ್ರೂ ಪಾಸ್‌ವರ್ಡ್ ಕೇಳ್ತೈತಿ. ಅಸೆಂಬಲ್ ಬೋರ್ಡಿಗೆ ಇಂಥಾ ಒಂದ ನಿಯಮ ಇಲ್ಲ, ಒಂದೊಂದೂ ಒಂದೊಂದು ಥರ, ಕುಂತು ನೋಡಬೇಕು.

ಎರಡನೇದು, ಪಾಸ್‌ವರ್ಡ್ ಯಾವ ಡಬ್ಬಿಯೊಳಗ ಹಾಕೀರಿ? Administrator Password ಒಳಗೋ, User Password ಒಳಗೋ? ಬಹಳ ಬೋರ್ಡಿನ್ಯಾಗ ಬಲಗಡೆ ಸಣ್ಣ ಅಕ್ಷರದಾಗ ಬರದಿರ್ತಾರ, ಯಾರೂ ಓದೂದಿಲ್ಲ. Administrator ಒಂದ ಹಾಕಿದ್ರ ಸೆಟಪ್‌ಗೆ ಮಾತ್ರ ಕೇಳ್ತೈತಿ. User ಒಂದ ಹಾಕಿದ್ರ ದಿನಾ ಆನ್ ಮಾಡುವಾಗ ಕೇಳ್ತೈತಿ, ಮ್ಯಾಲ ಆ ಪಾಸ್‌ವರ್ಡ್ ಗೊತ್ತಿದ್ದಾವ ಸೆಟಪ್ ಒಳಗೂ ಪೂರಾ ಅಧಿಕಾರ ತಗೋತಾನ. ದಿನಾ ಸಿಸ್ಟಮ್ ಆನ್ ಮಾಡಾಕ ಅದನ್ನ ಹುಡುಗ್ರಿಗೆ ಕೊಡಲೇಬೇಕಲ್ರಿ, ಆಮ್ಯಾಲ ಬೀಗ ಹಾಕಿ ಏನ ಉಪಯೋಗ.

---

ಮಲ್ಲೇಶ್ವರಂ_ಮಂಜು

ಸರ್ ನಂದೂ ಇದೇ ಪ್ರಾಬ್ಲಮ್, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಗೊಂಡೆ 14 ಸಾವಿರಕ್ಕೆ, ಆನ್ ಮಾಡಿದ ತಕ್ಷಣ ಬೀಗದ ಚಿತ್ರ ಬಂದು ಪಾಸ್‌ವರ್ಡ್ ಕೇಳುತ್ತೆ, ಮಾರಿದವ್ರು ಫೋನ್ ಎತ್ತಲ್ಲ, ಮೂರು ದಿನದಿಂದ ನೋಡ್ತಿದೀನಿ, ಹೆಂಗೆ ತೆಗೆಯೋದು ಹೇಳಿ ಪ್ಲೀಸ್.

---

ಹುಬ್ಬಳ್ಳಿ ಲ್ಯಾಬ್

ಮಂಜು ಅವರ, ಅದು ಬ್ಯಾರೆ ವಿಷಯ. ಇಲ್ಲಿ ಬೀಗ ಹಾಕೂದು ಮಾತಾಡಾಕತ್ತೀವಿ. ಆಫೀಸ್ ಲ್ಯಾಪ್‌ಟಾಪ್ ಆಗಿದ್ರ ಸೆಲ್ ತಗದ್ರ ಹೋಗೂದಿಲ್ಲ, ತಗಿಯಾಕ ಹೋಗಿ ಬೋರ್ಡ್ ಕೆಡಸ್ಕೋಬ್ಯಾಡ್ರಿ. ಬಿಲ್ ಇದ್ರ ಹಿಡಕೊಂಡು ಆ ಅಂಗಡಿಗೆ ಹೋಗಿ ರೊಕ್ಕ ವಾಪಸ್ ಕೇಳ್ರಿ. ಬಿಲ್ ಇಲ್ಲ, ಫೋನೂ ಎತ್ತೂದಿಲ್ಲ ಅಂದ್ರ ಆ ಲ್ಯಾಪ್‌ಟಾಪ್ ಯಾರದು ಅನ್ನೂದ ಮೊದಲ ವಿಚಾರ ಮಾಡ್ರಿ.

---

ಸುರತ್ಕಲ್ ಶೋಭಾ

ನಮ್ಮದೂ ಸಣ್ಣ ಸೆಂಟರ್ ಉಂಟು, ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ. ಡಬ್ಬಿ ಬಿಚ್ಚುವುದರ ಬಗ್ಗೆ ಹೇಳ್ತೇನೆ. ನಾವು ಸಿಪಿಯು ಎಲ್ಲ ಮೇಜಿನ ಕೆಳಗೆ ಗಿರಾಕಿಯ ಕಾಲ ಹತ್ತಿರವೇ ಇಟ್ಟಿದ್ದೆವು, ಮರೆಯಾಗಿ. ಅದೇ ತಪ್ಪು. ಒಂದು ಕ್ಯಾಬಿನೆಟ್‌ನ ಪಕ್ಕದ ಪ್ಲೇಟ್ ಬಿಚ್ಚಲಿಕ್ಕೆ ಎರಡು ಸ್ಕ್ರೂ ಮಾತ್ರ, ಅದೂ ಕೈಯಲ್ಲಿ ತಿರುಗಿಸುವಂಥದ್ದು, ಸ್ಕ್ರೂಡ್ರೈವರ್ ಸಹ ಬೇಡ ಮಾರಾಯ್ರೆ. ಈಗ ಹಿಂದೆ ಬೀಗದ ಬಳೆ ಇರುವ ಕ್ಯಾಬಿನೆಟ್‌ಗಳಿಗೆ ಸಣ್ಣ ಬೀಗ ಹಾಕಿದ್ದೇವೆ, ಬಳೆ ಇಲ್ಲದ್ದಕ್ಕೆ ವೆಲ್ಡಿಂಗಿನವರ ಹತ್ತಿರ ಕಬ್ಬಿಣದ ಪಟ್ಟಿ ಮಾಡಿಸಿ ಮೇಜಿಗೇ ಸೇರಿಸಿದ್ದು.

ಮತ್ತೆ ಸ್ಕ್ರೂ ತಲೆಯ ಮೇಲೆ ಉಗುರಿನ ಬಣ್ಣದ ಒಂದು ಬೊಟ್ಟು, ಅರ್ಧ ಸ್ಕ್ರೂ ಮೇಲೆ, ಅರ್ಧ ತಗಡಿನ ಮೇಲೆ ಬರುವ ಹಾಗೆ. ಯಾರಾದರೂ ತಿರುಗಿಸಿದ್ದರೆ ಬೊಟ್ಟು ಒಡೆದದ್ದು ಕಾಣ್ತದೆ. ಬೆಳಿಗ್ಗೆ ಗುಡಿಸುವಾಗ ನಮ್ಮ ಹುಡುಗಿ ಬ್ಯಾಟರಿ ಬಿಟ್ಟು ನೋಡ್ತಾಳೆ, ಎರಡು ನಿಮಿಷದ ಕೆಲಸ.

---

ಕೌಂಟರ್ ಹುಡ್ಗ

ನಾನು ಬೇರೆ ಊರಲ್ಲಿ ಸೈಬರಲ್ಲಿ ಕೆಲಸ ಮಾಡೋನು, ಓನರ್ ಅಲ್ಲ. ಒಂದು ಮಾತು ಹೇಳ್ತೀನಿ ಬೇಜಾರಾಗ್ಬೇಡಿ. ನಮ್ಮಲ್ಲೂ ಪಾಸ್‌ವರ್ಡ್ ಓನರ್ ಹತ್ರ ಮಾತ್ರ ಇರೋದು. ಸಿಇಟಿ ಅರ್ಜಿ ಕೊನೇ ದಿನ, ಹೊರಗೆ ಕ್ಯೂ, ಎರಡು ಸಿಸ್ಟಮ್ ಕರೆಂಟ್ ಹೋಗಿ ಬಂದ್ಮೇಲೆ F1 ಕೇಳ್ಕೊಂಡು ನಿಂತ್ವು, F1 ಒತ್ತಿದ್ರೆ ಪಾಸ್‌ವರ್ಡ್ ಕೇಳುತ್ತೆ, ಓನರ್ ಘಾಟಿ ಇಳೀತಿದ್ರು ಬಸ್ಸಲ್ಲಿ, ಎರಡು ಗಂಟೆ ನೆಟ್‌ವರ್ಕ್ ಇಲ್ಲ. ಒಬ್ಳು ಹುಡುಗಿ ಹಳ್ಳಿಯಿಂದ ಅಪ್ಪನ್ನ ಕರ್ಕೊಂಡು ಬಂದಿದ್ಲು, ಕೊನೇ ಬಸ್ ಆರೂವರೆಗೆ, ಅವ್ರಪ್ಪ ಪದೇ ಪದೇ ಗಡಿಯಾರ ನೋಡ್ತಿದ್ರು. ಅವಳ ಅರ್ಜಿ ನಾನು ನನ್ನ ಮೊಬೈಲಲ್ಲೇ ತುಂಬಿ ಕಳ್ಸಿದೆ. ಪಾಸ್‌ವರ್ಡ್ ಕೊಡಲ್ಲ ಅನ್ನೋದು ನಮ್ಮ ಮೇಲೆ ನಂಬಿಕೆ ಇಲ್ಲ ಅಂತಾನೇ ಅನ್ಸುತ್ತೆ ನಮ್ಗೆ, ಕ್ಯಾಶ್ ಡ್ರಾ ಕೀ ಕೊಡ್ತೀರಿ ಇದು ಕೊಡಲ್ವಾ?

---

ತಿಪಟೂರು ಸೈಬರ್

ತಮ್ಮಾ ನಿನ್ನ ಮಾತು ಮನಸ್ಸಿಗೆ ತಾಗ್ತು. ನಂಬಿಕೆ ಪ್ರಶ್ನೆ ಅಲ್ಲ ಅಂತ ನಾನು ಅನ್ಕೊಂಡಿದ್ದೆ, ಆದ್ರೆ ನೋಟಿಸ್ ಓದಿದ್ರೆ ಹಂಗೇ ಕಾಣುತ್ತೆ, ಅದು ನಿಜ. ಪಾಸ್‌ವರ್ಡ್ ಮೂರು ಜನಕ್ಕೆ ಗೊತ್ತಿದ್ರೆ ಗಿರಾಕಿ ಮುಂದೇನೇ ಟೈಪ್ ಮಾಡೋ ಸಂದರ್ಭ ಬರುತ್ತೆ, ಕೆಲಸ ಬಿಟ್ಟು ಹೋದಾಗ ಒಂಬತ್ತೂ ಬದಲಾಯಿಸ್ಬೇಕು, ಅದೇ ನನ್ನ ಯೋಚ್ನೆ ಆಗಿತ್ತು.

---

ಹುಬ್ಬಳ್ಳಿ ಲ್ಯಾಬ್

ಲಕೋಟೆ ಮಾಡ್ರಿ. ಸಿಸ್ಟಮ್‌ಗೊಂದು ಪಾಸ್‌ವರ್ಡ್, ಒಂಬತ್ತು ಲಕೋಟೆ, ಬಾಯಿ ಅಂಟಿಸಿ ಅದರ ಮ್ಯಾಲ ನಿಮ್ಮ ಸಹಿ, ಕ್ಯಾಶ್ ಡ್ರಾದಾಗ ಇಡ್ರಿ. ನೀವು ಫೋನಿಗೆ ಸಿಗಲಿಲ್ಲ ಅಂದ್ರ ಹುಡುಗ್ರು ಆ ಒಂದ ಸಿಸ್ಟಮಿನ ಲಕೋಟೆ ಒಡದು, ರಿಜಿಸ್ಟರಿನ್ಯಾಗ ಟೈಮ್ ಬರದು, ಕೆಲಸ ಮುಗಸ್ಲಿ. ನೀವು ಬಂದ ಮ್ಯಾಲ ಅದೊಂದನ್ನ ಬದಲಿ ಮಾಡ್ರಿ. ಒಂಬತ್ತಕ್ಕೂ ಒಂದ ಪಾಸ್‌ವರ್ಡ್ ಇಟ್ರ ಒಂದು ಲಕೋಟೆ ಒಡದ್ರ ಒಂಬತ್ತೂ ಬದಲಿ ಮಾಡಬೇಕಾಕ್ಕೈತಿ.

ಪಾಸ್‌ವರ್ಡಿನ್ಯಾಗ ಸಣ್ಣ ಇಂಗ್ಲಿಷ್ ಅಕ್ಷರ, ಮ್ಯಾಲಿನ ಸಾಲಿನ ಅಂಕಿ ಅಷ್ಟ ಬಳಸ್ರಿ. ಬಲಗಡೆ ನಂಬರ್ ಪ್ಯಾಡ್ ಬ್ಯಾಡ, ನಮ್‌ಲಾಕ್ ಆಫ್ ಇದ್ರ ಅದು ಅಂಕಿ ಅಂತ ಹೋಗೂದ ಇಲ್ಲ. ಹಾಕಿದ ಕೂಡ್ಲೆ ಸೇವ್ ಮಾಡಿ, ಪೂರ್ತಿ ಆಫ್ ಮಾಡಿ ಮತ್ತ ಆನ್ ಮಾಡಿ, ಲಕೋಟೆಯಾಗಿನ ಚೀಟಿ ನೋಡಿ ಟೈಪ್ ಮಾಡಿ ಒಳಗ ಹೋಗ್ರಿ. ನೆನಪಿಂದ ಮಾಡಬ್ಯಾಡ್ರಿ, ಬರದದ್ದು ತಪ್ಪಿದ್ರ ಅಲ್ಲೇ ಸಿಗ್ತದ. ನಾ ಒಮ್ಮೆ ಸೊನ್ನೆ ಬರದದ್ದನ್ನ ನಮ್ಮ ಸಹಾಯಕ ಓ ಅಂತ ಓದಿ ಒಂದು ಮಧ್ಯಾಹ್ನ ಪೂರಾ ಹೋತು.

---

ದಾವಣಗೆರೆ ದರ್ಶನ್

ಪೊಲೀಸ್ ಚೆಕಿಂಗ್ ಬಂದ್ರೆ ಇದೆಲ್ಲಾ ಕೇಳ್ತಾರಾ? ನಮ್ಮಲ್ಲಿ ಬರೀ ರಿಜಿಸ್ಟರ್ ಮಾತ್ರ ನೋಡ್ತಾರೆ.

---

ಸುರತ್ಕಲ್ ಶೋಭಾ

ರಿಜಿಸ್ಟರ್ ಮಾತ್ರ ಅಲ್ಲ. 2011ರ ಕೇಂದ್ರದ ಸೈಬರ್ ಕೆಫೆ ನಿಯಮದಲ್ಲಿ ಗಿರಾಕಿ ಸಿಸ್ಟಮ್ ಸೆಟಿಂಗ್ ಬದಲಿಸದ ಹಾಗೆ ತಕ್ಕ ಮುನ್ನೆಚ್ಚರಿಕೆ ಮಾಡಬೇಕು ಅಂತ ಸ್ಪಷ್ಟ ಉಂಟು. ಸಿಸ್ಟಮ್‌ಗಳ ಗಡಿಯಾರ ಭಾರತದ ಸಮಯಕ್ಕೆ ಸರಿ ಇರಬೇಕು ಅಂತಲೂ ಉಂಟು, ಲಾಗ್ ರಿಜಿಸ್ಟರ್ ಕನಿಷ್ಠ ಒಂದು ವರ್ಷ ಇಡಬೇಕು. ಸೆಲ್ ಸತ್ತು ತಾರೀಕು ತಪ್ಪಿದ ಸಿಸ್ಟಮನ್ನು ಗಿರಾಕಿಗೆ ಕೊಟ್ಟರೆ ನಿಮ್ಮ ಲಾಗ್ ಕೂಡ ತಪ್ಪಾಗ್ತದೆ, ನಾಳೆ ಯಾರಾದರೂ ಇಂಥಾ ಹೊತ್ತಿಗೆ ಯಾರು ಕೂತಿದ್ದರು ಅಂತ ಕೇಳಿದರೆ ಏನು ತೋರಿಸ್ತೀರಿ. ಹಾಗಾಗಿ ನೋಟಿಸಿನ ತಾರೀಕಿನ ಮಾತು ತುಂಬ ಒಳ್ಳೇದು.

---

ಬೂಟ್_ಬಸ್ಯಾ

ಸೆಕ್ಯೂರ್ ಬೂಟ್ ವಿಷ್ಯ ಇವತ್ತು ನಮ್ಮನೇಲಿ ಟ್ರೈ ಮಾಡ್ದೆ, ಆನ್ ಇದ್ರೂ ಉಬುಂಟು ಬಂತು, ಲ್ಯಾಬ್ ಸರ್ ಹೇಳಿದ್ದು ಸರಿ. ಆದ್ರೂ ನನ್ನ ಪ್ರಕಾರ ಬಿಟ್‌ಲಾಕರ್ ಹಾಕ್ಲೇಬೇಕು, ಡಿಸ್ಕ್ ಬಿಚ್ಕೊಂಡು ಹೋದ್ರೂ ಓಪನ್ ಆಗಲ್ಲ.

---

ಹುಬ್ಬಳ್ಳಿ ಲ್ಯಾಬ್

ಅದು ಒಪ್ಪೂ ಮಾತ, ಬಯಾಸ್ ಬೀಗ ಡಿಸ್ಕ್ ಬಿಚ್ಚಿ ಒಯ್ಯೂದನ್ನ ತಡಿಯೂದಿಲ್ಲ. ಆದ್ರ ಬಿಟ್‌ಲಾಕರ್ ಇದ್ದಾಗ ಬಯಾಸ್ ಅಪ್‌ಡೇಟ್ ಮಾಡಿದ್ರ, ಕೆಲವೊಮ್ಮೆ ಬೂಟ್ ಸೆಟಿಂಗ್ ಬದಲಿ ಮಾಡಿದ್ರೂ 48 ಅಂಕಿಯ ರಿಕವರಿ ಕೀ ಕೇಳ್ತೈತಿ. ವಿಂಡೋಸ್ ಹೋಮ್ ಇದ್ರ ಪೂರ್ತಿ ಬಿಟ್‌ಲಾಕರ್ ಸಿಗೂದೂ ಇಲ್ಲ. ಒಂಬತ್ತು ಕೀ ಜೋಪಾನ ಮಾಡೂ ಶಿಸ್ತು ಇದ್ರ ಹಾಕ್ರಿ, ಇಲ್ಲಂದ್ರ ಗಿರಾಕಿ ಎದ್ದ ಕೂಡ್ಲೆ ಫೈಲ್ ಅಳಸೂದನ್ನ ಮೊದಲ ಗಟ್ಟಿ ಮಾಡ್ರಿ.

---

ಬೂಟ್_ಬಸ್ಯಾ

ಅಳಿಸಿದ್ದು ವಾಪಸ್ ತೆಗೆಯೋ ಸಾಫ್ಟ್‌ವೇರ್ ಇವೆ ಸರ್, ನಾನಂತೂ ಹಾಕ್ಲೇಬೇಕು ಅಂತೀನಿ.

---

ತಿಪಟೂರು ಸೈಬರ್

ನಿನ್ನೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ನಾನೂ ನಮ್ಮ ಹುಡುಗ್ರೂ ಕೂತ್ಕೊಂಡು ಒಂಬತ್ತೂ ಟೆಸ್ಟ್ ಮಾಡಿದ್ವಿ. ಒಂದು ಪೆನ್‌ಡ್ರೈವಲ್ಲಿ ಉಬುಂಟು ಹಾಕ್ಕೊಂಡು, ಪ್ರತಿ ಸಿಸ್ಟಮ್‌ಗೂ ಮೂರು ಸಲ: ಚುಚ್ಚಿ ಸುಮ್ನೆ ಆನ್ ಮಾಡೋದು, F12 ಒತ್ತಿ ನೋಡೋದು, ಶಿಫ್ಟ್ ಹಿಡ್ದು ರೀಸ್ಟಾರ್ಟ್ ಕೊಟ್ಟು ನೋಡೋದು.

ಡೆಲ್ ನಾಲ್ಕೂ ಮೂರಕ್ಕೂ ಜಗ್ಗಲಿಲ್ಲ. ಅಸೆಂಬಲ್ ಐದರಲ್ಲಿ ಸುಮ್ನೆ ಆನ್ ಮಾಡಿದ್ರೆ ಐದೂ ಸರಿಯಾಗಿ ವಿಂಡೋಸಿಗೇ ಹೋದ್ವು, F12 ಒತ್ತಿದಾಗ 5, 6, 7 ಪಾಸ್‌ವರ್ಡ್ ಕೇಳಿದ್ವು, 8 ಮತ್ತೆ 9 ಏನೂ ಕೇಳ್ದೆ ಪೆನ್‌ಡ್ರೈವ್ ಹೆಸರು ತೋರಿಸ್ಬಿಟ್ವು. ಶಿಫ್ಟ್ ರೀಸ್ಟಾರ್ಟಲ್ಲಿ 7ನೇದು, ಅದೇ 7, ಪಾಸ್‌ವರ್ಡ್ ಕೇಳ್ದೇ ಉಬುಂಟುಗೆ ಹೋಯ್ತು. ನಾನು ಅದ್ರಲ್ಲಿ ಸಾಲು ಮಾತ್ರ ಬದಲಾಯಿಸಿದ್ದೆ, ಯುಎಸ್‌ಬಿ ಬೂಟ್ ಬಂದ್ ಮಾಡಿರ್ಲಿಲ್ಲ. ಈಗ ಅದನ್ನ ಬಂದ್ ಮಾಡಿದ್ಮೇಲೆ ನೀಲಿ ಪರದೆಯಿಂದ್ಲೂ ಹೋಗ್ತಿಲ್ಲ. 8, 9ರ ಬೋರ್ಡಲ್ಲಿ ಯುಎಸ್‌ಬಿ ಬೂಟ್ ಬಂದ್ ಮಾಡೋ ಆಯ್ಕೆ ಎಲ್ಲಿ ಹುಡುಕಿದ್ರೂ ಸಿಗ್ಲಿಲ್ಲ, ಪಟ್ಟಿಯಿಂದ ತೆಗ್ದು ಹಾಕಿದ್ರೂ ಪೆನ್‌ಡ್ರೈವ್ ಚುಚ್ಚಿದ ತಕ್ಷಣ ಬೋರ್ಡ್ ತಾನೇ ಮತ್ತೆ ಸೇರಿಸ್ಕೊಳುತ್ತೆ. ಅವೆರಡನ್ನ ಕೌಂಟರ್ ಎದುರಿಗೇ, ಸ್ಕ್ರೀನ್ ನಮ್ಮ ಕಡೆ ಕಾಣೋ ಹಾಗೆ ತಿರುಗಿಸಿ ಇಟ್ಟಿದೀವಿ. ಯಾರಿಗಾದ್ರೂ ಉಪಾಯ ಗೊತ್ತಿದ್ರೆ ಹೇಳಿ.

ಇನ್ನೊಂದು, 4ನೇ ಡೆಲ್ಲಲ್ಲಿ ಪ್ಲಗ್ ತೆಗ್ದು ಹತ್ತು ನಿಮಿಷ ಬಿಟ್ರೆ ತಾರೀಕು ಹಿಂದಕ್ಕೆ ಹೋಗ್ತಿದೆ, ಪಾಸ್‌ವರ್ಡ್ ಮಾತ್ರ ಹಂಗೇ ಇದೆ, ಲ್ಯಾಬ್ ಸರ್ ಹೇಳಿದ ಹಾಗೇನೇ. ನಾಳೆ ಸಿಆರ್2032 ಸೆಲ್ ತಂದು ಹಾಕ್ತೀನಿ, ಉಳಿದವಕ್ಕೂ ಒಂದೊಂದು ತಂದಿಡ್ತೀನಿ.

ನೋಟಿಸಿನ ಕೊನೇ ಸಾಲು ಹೊಡ್ದು ಹಾಕಿದೀನಿ. ಈಗ ಹಿಂಗಿದೆ:

> ಪ್ರತಿ ಸಿಸ್ಟಮ್ ಪಾಸ್‌ವರ್ಡೂ ಬೇರೆ ಬೇರೆ, ಒಂಬತ್ತು ಲಕೋಟೆ ಕ್ಯಾಶ್ ಡ್ರಾದಲ್ಲಿದೆ. ಮೊದ್ಲು ನಂಗೆ ಎರಡು ಸಲ ಫೋನ್ ಮಾಡಿ. ಸಿಗ್ಲಿಲ್ಲ ಅಂದ್ರೆ, ಗಿರಾಕಿ ಕೆಲಸ ನಿಂತಿದ್ರೆ, ಆ ಸಿಸ್ಟಮ್ ಲಕೋಟೆ ನೀವೇ ಒಡೀರಿ, ಯಾರನ್ನೂ ಕೇಳ್ಬೇಕಾಗಿಲ್ಲ. ಟೈಪ್ ಮಾಡುವಾಗ ಗಿರಾಕಿನ ಎದ್ದು ನಿಲ್ಲೋಕೆ ಹೇಳಿ. ಒಳಗೆ ತಾರೀಕು, ಟೈಮ್ ಸರಿ ಮಾಡಿ, ಯುಎಸ್‌ಬಿ ಬೂಟ್ ಬಂದ್ ಇದೆಯಾ ನೋಡಿ, ಸೇವ್ ಮಾಡಿ ಆಚೆ ಬನ್ನಿ. ರಿಜಿಸ್ಟರಲ್ಲಿ ಬರೀರಿ. ರಾತ್ರಿ ನಾನು ಹೊಸ ಪಾಸ್‌ವರ್ಡ್ ಹಾಕಿ ಹೊಸ ಲಕೋಟೆ ಇಡ್ತೀನಿ.

---

ಕೌಂಟರ್ ಹುಡ್ಗ

ಇದು ಸರಿ ಇದೆ ಅಣ್ಣ. ನಮ್ಮ ಓನರ್‌ಗೂ ತೋರಿಸ್ತೀನಿ. 8, 9ಕ್ಕೆ ಒಂದು ಕೇಳ್ತೀನಿ, ಆ ಬೋರ್ಡಿಗೆ ಬಯಾಸ್ ಅಪ್‌ಡೇಟ್ ಏನಾದ್ರೂ ಬಂದಿದ್ಯಾ? ನಮ್ಮಲ್ಲಿ ಒಂದಕ್ಕೆ ಅಪ್‌ಡೇಟ್ ಹಾಕಿದ್ಮೇಲೆ F12ಕ್ಕೂ ಪಾಸ್‌ವರ್ಡ್ ಕೇಳೋಕೆ ಶುರುವಾಯ್ತು.

---

ಹುಬ್ಬಳ್ಳಿ ಲ್ಯಾಬ್

ಹಾಕೂದಿದ್ರ ಯುಪಿಎಸ್ ಮ್ಯಾಲ ಇಟ್ಟ ಹಾಕ್ರಿ, ನಡುವ ಕರೆಂಟ್ ಹೋದ್ರ ಬೋರ್ಡ್ ಏಳೂದಿಲ್ಲ. ಅಪ್‌ಡೇಟ್ ಆದ ಮ್ಯಾಲ ಸೆಟಿಂಗ್ ಎಲ್ಲಾ ಮೊದಲಿನಂಗ ಆಗಿರೂ ಸಾಧ್ಯತೆ ಐತಿ, ಮೂರೂ ಟೆಸ್ಟ್ ಮತ್ತ ಮಾಡ್ರಿ. ಬೋರ್ಡ್ ಮಾಡೆಲ್ ನಂಬರ್ ಹಾಕ್ರಿ, ನೋಡ್ತೀನಿ.